ಐದು, ಏಳು, ಎಂಟರ ಉಂಗುರಗಳು

1891ರಲ್ಲಿ ಮರ್ಲಿಂಗ್ ಎಂಬ ರಸಾಯನಶಾಸ್ತ್ರಜ್ಞ ಸೈಕ್ಲೋಹೆಪ್ಟಟ್ರೈಯೀನ್‌ಗೆ ಬ್ರೋಮಿನ್ ಬೆರೆಸಿ ಕಾಯಿಸಿದಾಗ ಹಳದಿ ಹರಳುಗಳು ಸಿಕ್ಕವು. ಅವು ಉಪ್ಪಿನ ಹಾಗೆ ನೀರಿನಲ್ಲಿ ಕರಗಿದವು. ಕಾರ್ಬನ್ ಬ್ರೋಮೈಡುಗಳು ಸಾಮಾನ್ಯವಾಗಿ ಹಾಗೆ ಕರಗುವುದಿಲ್ಲ. ಇದು ನಿಜಕ್ಕೂ ಉಪ್ಪೇ ಎಂದು 1954ರಲ್ಲಿ ಡೋರಿಂಗ್ ಮತ್ತು ನಾಕ್ಸ್ ತೋರಿಸಿದರು: ಏಳು ಕಾರ್ಬನ್‌ಗಳ ಧನ ಅಯಾನು ಒಂದು ಕಡೆ, ಬ್ರೋಮೈಡ್ ಇನ್ನೊಂದು ಕಡೆ.

ಕಾರ್ಬನ್ ಮೇಲೆ ಧನ ಆವೇಶ ಬಂದರೆ ಅದು ಬಹಳ ಹೊತ್ತು ಉಳಿಯುವುದು ಅಪರೂಪ. ಇಲ್ಲಿ ಹೇಗೆ ಉಳಿಯಿತು? ಉತ್ತರ 1931ರಲ್ಲಿ ಹ್ಯೂಕಲ್ ಮಾಡಿದ ಲೆಕ್ಕದಲ್ಲಿದೆ. ಉಂಗುರ ಸಮತಟ್ಟಾಗಿರಬೇಕು, ಅದರ ಪ್ರತಿ ಪರಮಾಣುವಿಗೂ ಪಕ್ಕದವುಗಳೊಡನೆ ಬೆಸೆಯುವ p ಕಕ್ಷಕ ಇರಬೇಕು. ಆಗ ಉಂಗುರದಲ್ಲಿ ಸುತ್ತುವ ಪೈ ಎಲೆಕ್ಟ್ರಾನುಗಳು 2, 6, 10 (4n+2) ಆಗಿದ್ದರೆ ಅದು ಆರೊಮ್ಯಾಟಿಕ್, ಅಂದರೆ ವಿಶೇಷ ಸ್ಥಿರತೆಯುಳ್ಳದ್ದು. 4, 8 (4n) ಆಗಿದ್ದರೆ ಆಂಟಿಆರೊಮ್ಯಾಟಿಕ್, ಆ ಸುತ್ತಾಟವೇ ಅಣುವಿಗೆ ಹೊರೆ. ಮೊದಲ ಷರತ್ತುಗಳೇ ಮುರಿದರೆ ಎಣಿಕೆಗೆ ಅರ್ಥವಿಲ್ಲ, ಅದು ಆರೊಮ್ಯಾಟಿಕ್ ಅಲ್ಲದ್ದು.

ಎಣಿಸುವುದು ಸುಲಭ: ಒಂದು ದ್ವಿಬಂಧಕ್ಕೆ 2, ಋಣ ಆವೇಶದ ಕಾರ್ಬನ್‌ಗೆ 2, ಧನ ಆವೇಶದ್ದಕ್ಕೆ ಸೊನ್ನೆ.

ಐದು ಕಾರ್ಬನ್‌ಗಳ ಸೈಕ್ಲೋಪೆಂಟಡೈಯೀನ್ ನೋಡಿ. ಇದರಲ್ಲಿ ಎರಡು ದ್ವಿಬಂಧಗಳಿವೆ, ನಾಲ್ಕು ಎಲೆಕ್ಟ್ರಾನು. ಆದರೂ ಇದು ಆಂಟಿಆರೊಮ್ಯಾಟಿಕ್ ಅಲ್ಲ. ಐದನೆಯ ಕಾರ್ಬನ್ CH₂ ಆಗಿದ್ದು, p ಕಕ್ಷಕವಿಲ್ಲದೆ ಉಂಗುರದ ಸುತ್ತು ಅಲ್ಲೇ ಕಡಿದುಹೋಗಿದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆ CH₂ ಒಂದು ಪ್ರೋಟಾನು ಬಿಟ್ಟುಕೊಟ್ಟರೆ ಸುತ್ತು ಕೂಡಿಕೊಳ್ಳುತ್ತದೆ, ಎಲೆಕ್ಟ್ರಾನು ಆರಾಗುತ್ತವೆ. ಹಾಗಾಗಿಯೇ ಈ ಹೈಡ್ರೋಕಾರ್ಬನ್ನಿನ pKa ಸುಮಾರು 16, ಹೆಚ್ಚುಕಡಿಮೆ ಆಲ್ಕೋಹಾಲಿನಷ್ಟೇ. ಇದೇ ಉಂಗುರದ ಧನ ಅಯಾನಿನಲ್ಲಿ ನಾಲ್ಕೇ ಎಲೆಕ್ಟ್ರಾನು. ಸೈಕ್ಲೋಪೆಂಟೈಲ್ ಅಯೋಡೈಡಿನಿಂದ ಬೆಳ್ಳಿಯ ಅಯಾನು ಅಯೋಡಿನ್ನನ್ನು ಬೇಗ ಕಿತ್ತುಕೊಳ್ಳುತ್ತದೆ. ಅಯೋಡೋಸೈಕ್ಲೋಪೆಂಟಡೈಯೀನ್ ಮಾತ್ರ ಅದೇ ಸ್ಥಿತಿಯಲ್ಲಿ ಜಗ್ಗುವುದಿಲ್ಲ.

ಏಳರ ಉಂಗುರದಲ್ಲಿ ಲೆಕ್ಕ ತಿರುಗುಮುರುಗು. ಮೂರು ದ್ವಿಬಂಧಗಳಿಂದಲೇ ಆರು ಬಂದಿವೆ, ಇನ್ನು ಬೇಕಾದದ್ದು ಖಾಲಿ ಕಕ್ಷಕ ಮಾತ್ರ. ಮರ್ಲಿಂಗ್‌ನ ಹಳದಿ ಉಪ್ಪು ಅದೇ. ಈ ಉಂಗುರದಿಂದ ಪ್ರೋಟಾನು ಕಿತ್ತರೆ ಎಂಟಾಗುತ್ತದೆ. pKa ಸುಮಾರು 36ಕ್ಕೆ ಏರುವುದು ಅದಕ್ಕೇ.

ಎಂಟರ ಉಂಗುರವಾದ ಸೈಕ್ಲೋಆಕ್ಟಟೆಟ್ರಯೀನ್‌ನಲ್ಲಿ ಎಂಟು ಎಲೆಕ್ಟ್ರಾನುಗಳಿವೆ. ಸಮತಟ್ಟಾಗಿದ್ದರೆ ಕಷ್ಟವಿತ್ತು, ಆದರೆ ಅಣು ದೋಣಿಯಂತೆ ಬಾಗಿ ತಪ್ಪಿಸಿಕೊಂಡಿದೆ. ಅದರ ಬಂಧಗಳು ಒಂದು ಗಿಡ್ಡ, ಒಂದು ಉದ್ದ ಎಂಬಂತಿರುವುದೇ ಗುರುತು. ಪೊಟ್ಯಾಶಿಯಂ ಎರಡು ಎಲೆಕ್ಟ್ರಾನು ಕೊಟ್ಟರೆ ಒಟ್ಟು ಹತ್ತಾಗಿ, ಉಂಗುರ ಸಮತಟ್ಟಾಗುತ್ತದೆ, ಬಂಧಗಳೆಲ್ಲ ಸಮವಾಗುತ್ತವೆ. ಆದ್ದರಿಂದ ಮೊದಲು ಆಕಾರ ನೋಡಬೇಕು, ಎಣಿಕೆ ಆಮೇಲೆ.