ಆಫರ್ ಒಪ್ಪುವ ಮೊದಲು ಅಳತೆಟೇಪು ಹಿಡಿಯಿರಿ

ವೀಲ್‌ಚೇರ್ ಬಳಸುವವರು ಸಿಕ್ಕ ಕೆಲಸ ಬಿಟ್ಟಾಗ, ಅದಕ್ಕೆ ಕಾರಣ ಎಷ್ಟೋ ಸಲ ಕಚೇರಿಯ ಶೌಚಾಲಯವಾಗಿರುತ್ತದೆ. ಬಾಗಿಲು ದಾಟಲಾಗದೆ, ಬೆಳಗಿನಿಂದ ನೀರು ಕುಡಿಯದೆ ದಿನ ತಳ್ಳಿ, ಕೊನೆಗೆ ಮೂತ್ರದ ಸೋಂಕು ಹಿಡಿದು ರಾಜೀನಾಮೆ ಕೊಡುತ್ತಾರೆ. ಸೇರುವ ಮೊದಲೇ ಕೆಲವು ಸಂಗತಿ ವಿಚಾರಿಸಿಕೊಂಡರೆ ಈ ಸಂಕಟ ತಪ್ಪುತ್ತದೆ.

ಧಾರವಾಡದ ಬಿ.ಕಾಂ. ಪದವೀಧರೆಯೊಬ್ಬಳು ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಹಾಕಬೇಕೆಂದಿದ್ದಾಳೆ ಎಂದುಕೊಳ್ಳೋಣ. ಅವಳು ವೀಲ್‌ಚೇರ್ ಬಳಸುತ್ತಾಳೆ. ಮೊದಲು ಅವಳು ನೋಡಬೇಕಾದದ್ದು ಆ ಕಂಪನಿಯ ಸಮಾನ ಅವಕಾಶ ನೀತಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಮತ್ತು ಅದರ 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಈ ನೀತಿಯನ್ನು ವಿವರವಾಗಿ ಬರೆದು, ಸಾಧ್ಯವಾದರೆ ವೆಬ್‌ಸೈಟಿನಲ್ಲಿ, ಇಲ್ಲವಾದರೆ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕು. ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು ಯಾವುವು, ಆಯ್ಕೆ ಹೇಗೆ, ಸೌಲಭ್ಯಗಳೇನು ಎಂಬುದು ಅದರಲ್ಲಿರಬೇಕು. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿಯೂ ಇರಬೇಕು. ‘ನಾವು ಯಾರಿಗೂ ಭೇದ ಮಾಡುವುದಿಲ್ಲ’ ಎಂಬ ಒಂದೇ ಸಾಲು ನೀತಿ ಅನಿಸಿಕೊಳ್ಳುವುದಿಲ್ಲ. ಹುದ್ದೆಗಳ ಪಟ್ಟಿಯಾಗಲಿ ಸಂಪರ್ಕಾಧಿಕಾರಿಯ ವಿವರವಾಗಲಿ ಇಲ್ಲದ ಕಡೆ ಇನ್ನಷ್ಟು ಎಚ್ಚರದಿಂದ ವಿಚಾರಿಸಬೇಕು. ಕಾಯ್ದೆಯ ಶೇ. 4 ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಮಾತ್ರ ಎಂಬುದೂ ನೆನಪಿರಲಿ.

ಸಂದರ್ಶನದ ಕರೆ ಬಂದಾಗ ಕಾಯಿಲೆಯ ಚರಿತ್ರೆ ಹೇಳಬೇಕಿಲ್ಲ. ಬೇಕಾದದ್ದನ್ನಷ್ಟೇ ಇಮೇಲಿನಲ್ಲಿ ಬರೆದರೆ ಸಾಕು: ‘ನಾನು ವೀಲ್‌ಚೇರ್ ಬಳಸುತ್ತೇನೆ. ಬಾಗಿಲಲ್ಲಿ ಮೆಟ್ಟಿಲಿದೆಯೇ, ಸಂದರ್ಶನದ ಕೊಠಡಿಗೆ ಲಿಫ್ಟ್ ಹೋಗುತ್ತದೆಯೇ, ಅದೇ ಮಹಡಿಯಲ್ಲಿ ನಾನು ಬಳಸಬಹುದಾದ ಶೌಚಾಲಯವಿದೆಯೇ? ದಯವಿಟ್ಟು ಫೋಟೋ ಕಳುಹಿಸಿ.’ ‘ಎಲ್ಲ ಇದೆ, ಬನ್ನಿ’ ಎಂಬ ಉತ್ತರ ನಂಬುವಂಥದ್ದಲ್ಲ. ಹಾಗೆ ಹೇಳಿದವರು ಎಷ್ಟೋ ಸಲ ಆ ಬಾಗಿಲನ್ನು ಅಳೆದೇ ಇರುವುದಿಲ್ಲ.

ಆದ್ದರಿಂದ ಸಂದರ್ಶನದ ದಿನ ಜೊತೆಗೊಂದು ಅಳತೆಟೇಪು ಇರಲಿ. ಮುಂಬಾಗಿಲಲ್ಲಿ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲಿವೆ ಎಂದಿಟ್ಟುಕೊಳ್ಳಿ. ಒಟ್ಟು ಎತ್ತರ 45 ಸೆಂ.ಮೀ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಎಂಬುದು ಪ್ರಚಲಿತ ಮಾನದಂಡ. ಅಂದರೆ ಇಲ್ಲಿ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡು ಮೀಟರ್ ಹಲಗೆಯನ್ನೋ ಸಿಮೆಂಟಿನ ಇಳಿಜಾರನ್ನೋ ಹಾಕಿ ‘ರ‍್ಯಾಂಪ್ ಇದೆ’ ಎಂದರೆ, ಅದನ್ನು ಒಬ್ಬರೇ ಹತ್ತಲಾಗದು, ಇಳಿಯುವುದಂತೂ ಅಪಾಯ.

ಶೌಚಾಲಯದ ಬಾಗಿಲನ್ನು ಪೂರ್ತಿ ತೆರೆದು, ಬಾಗಿಲ ಮೈಯಿಂದ ಎದುರು ಚೌಕಟ್ಟಿನವರೆಗೆ ಅಳೆಯಿರಿ. 90 ಸೆಂ.ಮೀ. ಇರಬೇಕು. ವೀಲ್‌ಚೇರಿನ ಅಗಲ ಸಾಮಾನ್ಯವಾಗಿ 65 ಸೆಂ.ಮೀ. ಸುತ್ತಮುತ್ತ ಇರುತ್ತದೆ, ಚಕ್ರ ತಳ್ಳುವ ಕೈಗಳಿಗೂ ಜಾಗ ಬೇಕು. ಬಾಗಿಲು ಹೊರಕ್ಕೆ ತೆರೆಯುತ್ತದೆಯೇ ನೋಡಿ. ಇಕ್ಕಟ್ಟಾದ ಕೋಣೆಯಲ್ಲಿ ಒಳಕ್ಕೆ ತೆರೆಯುವ ಬಾಗಿಲು ಕುರ್ಚಿ ಒಳಹೋದ ಮೇಲೆ ಮುಚ್ಚುವುದೇ ಇಲ್ಲ. ಕುರ್ಚಿ ತಿರುಗಲು ಒಳಗೆ 1.5 ಮೀಟರ್ ವ್ಯಾಸದ ಖಾಲಿ ನೆಲ, ಕಮೋಡಿನ ಪಕ್ಕದಲ್ಲಿ ಗಟ್ಟಿಯಾದ ಹಿಡಿಕಂಬಿ ಬೇಕು. ಎಲ್ಲ ಸರಿಯಿದ್ದೂ ಒಳಗೆ ಬಕೆಟ್, ಪೊರಕೆ, ಹಳೆ ಕುರ್ಚಿ ತುಂಬಿಟ್ಟಿದ್ದರೆ, ಅಲ್ಲಿ ಆ ಶೌಚಾಲಯವನ್ನು ಬಳಸುವವರು ಯಾರೂ ಇಲ್ಲವೆಂದೇ ಅರ್ಥ. ಬೆಂಕಿ ಬಿದ್ದು ಲಿಫ್ಟ್ ನಿಂತರೆ ತನ್ನನ್ನು ಕೆಳಗಿಳಿಸುವವರು ಯಾರು ಎಂಬುದನ್ನೂ ಅವಳು ಕೇಳಬೇಕು.

ಕೊರತೆ ಕಂಡ ತಕ್ಷಣ ಕೆಲಸದ ಆಸೆ ಬಿಡಬೇಕಿಲ್ಲ. ಕಾಯ್ದೆ ‘ಸಮಂಜಸ ಹೊಂದಾಣಿಕೆ’ಯ ಮಾತಾಡುತ್ತದೆ: ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ಆ ವ್ಯಕ್ತಿಗೆ ಅಗತ್ಯವಾದ ಬದಲಾವಣೆ. ಬಾಡಿಗೆಯ ಹಳೇ ಕಟ್ಟಡಕ್ಕೆ ಲಿಫ್ಟ್ ಕೂಡಿಸಿ ಎಂದರೆ ಅವರು ಹೊರೆ ಎನ್ನಬಹುದು. ನೆಲಮಹಡಿಯಲ್ಲಿ ಮೇಜು ಕೊಡುವುದು, ಬಾಗಿಲ ಕೀಲು ಬದಲಿಸುವುದು, ಕಂಬಿ ಹಾಕಿಸುವುದು ಯಾವ ಕಂಪನಿಗೂ ಹೊರೆಯಲ್ಲ. ಇವನ್ನು ಆಫರ್ ಬಂದ ಮೇಲೆ, ಸೇರುವ ಮೊದಲು, ಇಂಥ ದಿನದೊಳಗೆ ಆಗುತ್ತದೆ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಬೇಕು. ಎಚ್‌ಆರ್ ಅಧಿಕಾರಿ ಬಾಯಲ್ಲಿ ಕೊಟ್ಟ ಮಾತು ಅವರು ಬೇರೆ ಕಂಪನಿಗೆ ಹೋದ ದಿನವೇ ಮುಗಿಯುತ್ತದೆ.

ಒಬ್ಬರೇ ಹುಡುಕುವುದು ಕಷ್ಟವಾದರೆ ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ, ಎಪಿಡಿ ಸಂಸ್ಥೆಗಳು ತರಬೇತಿ ಕೊಟ್ಟು ಉದ್ಯೋಗದಾತರ ಜೊತೆ ಸಂಪರ್ಕ ಮಾಡಿಸುತ್ತವೆ. ಅಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಈ ಕಂಪನಿಗೆ ಮೊದಲು ಸೇರಿದ ವೀಲ್‌ಚೇರ್ ಬಳಕೆದಾರರು ಈಗಲೂ ಅಲ್ಲೇ ಇದ್ದಾರೆಯೇ ಎಂಬುದು. ಇದ್ದರೆ ಅವರೊಡನೆ ಮಾತಾಡಿಸಿ ಎನ್ನಿ. ಜಾಹೀರಾತಿನಲ್ಲಿ ಸಿಗದ ಮಾಹಿತಿ ಅವರಲ್ಲಿ ಸಿಗುತ್ತದೆ.

ನೀತಿಯೇ ಇಲ್ಲದಿದ್ದರೆ, ಬರೆದುಕೊಟ್ಟದ್ದನ್ನು ನಡೆಸದಿದ್ದರೆ, ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿಗೆ ಲಿಖಿತ ದೂರು ಕೊಡಬಹುದು. ಆಗ ಕೈಯಲ್ಲಿರಬೇಕಾದದ್ದು ಆ ಇಮೇಲುಗಳು ಮತ್ತು ಅಳತೆಟೇಪು ಹಿಡಿದು ತೆಗೆದ ಫೋಟೋಗಳು. ಅವನ್ನು ಅಳಿಸಬೇಡಿ.