ಶೇಕಡ ನಲವತ್ತು ಎಂದರೆ ಯಾವುದರ ನಲವತ್ತು?

ಪಾಲುದಾರಿಕೆ ಪತ್ರವನ್ನು ಸಹಿ ಹಾಕಿದ ದಿನ ಎಲ್ಲರೂ ಓದುತ್ತಾರೆ, ಆಮೇಲೆ ಅದು ಬೀರು ಸೇರುತ್ತದೆ. ಬ್ಯಾಂಕಿನವರು ಕೇಳಿದಾಗಲೋ ಮಾತಿಗೆ ಮಾತು ಬೆಳೆದಾಗಲೋ ಹೊರಗೆ ಬರುತ್ತದೆ. ನಡುವಿನ ವರ್ಷಗಳಲ್ಲಿ ಅಂಗಡಿ ನಡೆಯುವುದು ನೆನಪಿನ ಮೇಲೆ. ಲಾಭದ ಪಾಲು, ಬಂಡವಾಳ, ಕೈಗೆ ತೆಗೆದುಕೊಳ್ಳುವ ಹಣದ ಮಿತಿ, ಯಾರ ಕೆಲಸ ಯಾವುದು ಎಂಬ ನಾಲ್ಕು ವಿಷಯಗಳನ್ನು ಒಂದೇ ಹಾಳೆಗೆ ಇಳಿಸಿ ಕ್ಯಾಶ್ ಕೌಂಟರಿನ ಡ್ರಾಯರಿನಲ್ಲಿ ಇಟ್ಟುಕೊಂಡರೆ ನೆನಪನ್ನು ನಂಬಬೇಕಾಗಿಲ್ಲ. ಆದರೆ ಇಳಿಸುವಾಗ ಎಚ್ಚರ ತಪ್ಪಿದರೆ ಆ ಹಾಳೆಯೇ ಹೊಸ ಜಗಳಕ್ಕೆ ದಾರಿ ಮಾಡುತ್ತದೆ.

ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳಿ. ಅಣ್ಣ, ತಮ್ಮ ಮತ್ತು ಅವರ ಭಾವ, ಮೂವರು ಪಾಲುದಾರರು. ಅಣ್ಣ ತಮ್ಮ ದಿನವೂ ಅಂಗಡಿಯಲ್ಲಿ ದುಡಿಯುತ್ತಾರೆ. ಭಾವ ಹಣ ಹಾಕಿದ್ದಾರೆ, ವ್ಯಾಪಾರಕ್ಕೆ ಬರುವುದಿಲ್ಲ. 2019ರಲ್ಲಿ ಬರೆಸಿದ ಮೂಲ ಪತ್ರ ಹದಿನಾಲ್ಕು ಪುಟದ್ದು. 2022ರಲ್ಲಿ ಭಾವ ಇನ್ನೂ ಐದು ಲಕ್ಷ ತಂದಾಗ ಎರಡು ಪುಟದ ತಿದ್ದುಪಡಿ ಪತ್ರವನ್ನೂ ಬರೆಸಿದ್ದಾರೆ. ಅದು ಇನ್ನೊಂದು ಫೈಲಿನಲ್ಲಿದೆ.

ಕೆಲಸ ಶುರುವಾಗಬೇಕಾದದ್ದು ಆ ಎರಡು ಪುಟದಿಂದ. ಮೂಲ ಪತ್ರದ ಪ್ರಕಾರ ಲಾಭದ ಪಾಲು 35, 35, 30. ತಿದ್ದುಪಡಿಯ ನಂತರ ಅದು 30, 30, 40. ಹೊಸದನ್ನು ನೋಡದೆ ಹಳೆಯದರಿಂದ ಸಾರ ತೆಗೆದರೆ ಮೊದಲ ಸಾಲೇ ತಪ್ಪು. ಆದ್ದರಿಂದ ಹಾಳೆಯ ತಲೆಯ ಮೇಲೆ ಯಾವ ಯಾವ ಪತ್ರಗಳನ್ನು ಓದಿ ಬರೆದದ್ದು, ಅವುಗಳ ತಾರೀಖು ಏನು, ಈಗಿನ ಪಾಲು ಯಾವ ದಿನದಿಂದ ಜಾರಿಯಲ್ಲಿದೆ ಎಂಬುದು ಇರಬೇಕು. ಪ್ರತಿ ಸಾಲಿನ ಪಕ್ಕದಲ್ಲಿ ಅದು ಎಷ್ಟನೆಯ ಕಲಮಿನಿಂದ ಬಂತು ಎಂದೂ ಗುರುತು ಹಾಕಬೇಕು. ಸಂದೇಹ ಬಂದವರು ನೇರವಾಗಿ ಆ ಕಲಮಿಗೇ ಹೋಗಿ ನೋಡಬಹುದು.

ಹೆಚ್ಚು ಮಂದಿ ಎಡವುವುದು ಲಾಭದ ಪಾಲಿನಲ್ಲೇ. ಹಾಳೆಯಲ್ಲಿ ‘ಭಾವ: ಶೇ. 40’ ಎಂದಷ್ಟೇ ಬರೆದರೆ ಓದಿದವರು ಅಂಗಡಿಯ ಒಟ್ಟು ಲಾಭದ ಶೇಕಡ 40 ಎಂದೇ ತಿಳಿಯುತ್ತಾರೆ. ಪತ್ರ ಹಾಗೆ ಹೇಳುವುದಿಲ್ಲ. ಮೊದಲು ಬಂಡವಾಳದ ಮೇಲೆ ಶೇ. 12ರ ಬಡ್ಡಿ, ಆಮೇಲೆ ದುಡಿಯುವ ಇಬ್ಬರಿಗೂ ತಿಂಗಳಿಗೆ 25,000 ರೂಪಾಯಿ ಸಂಭಾವನೆ, ಇವೆರಡನ್ನೂ ಕಳೆದು ಉಳಿದದ್ದರಲ್ಲಿ ಪಾಲು. ಈ ಮೂರು ಸಂಗತಿಗಳು ಪತ್ರದ ಮೂರು ಬೇರೆ ಬೇರೆ ಕಲಮುಗಳಲ್ಲಿ ಕೂತಿವೆ. ಅವುಗಳನ್ನು ಸರಿಯಾದ ಅನುಕ್ರಮದಲ್ಲಿ ಒಟ್ಟಿಗೆ ತರುವುದೇ ಈ ಹಾಳೆಯ ನಿಜವಾದ ಉಪಯೋಗ.

ಲೆಕ್ಕ ಹಾಕಿ ನೋಡೋಣ. ಇವುಗಳನ್ನು ಕಳೆಯುವ ಮೊದಲು ಆ ವರ್ಷದ ಲಾಭ 14,40,000 ರೂಪಾಯಿ. ಬಂಡವಾಳ ಅಣ್ಣನದು 6 ಲಕ್ಷ, ತಮ್ಮನದು 4 ಲಕ್ಷ, ಭಾವನದು ತಿದ್ದುಪಡಿಯ ನಂತರ 15 ಲಕ್ಷ. ಒಟ್ಟು 25 ಲಕ್ಷಕ್ಕೆ ಬಡ್ಡಿ 3 ಲಕ್ಷ. ಇಬ್ಬರ ವರ್ಷದ ಸಂಭಾವನೆ 6 ಲಕ್ಷ. ಹಂಚಲು ಉಳಿದದ್ದು 5,40,000. ಅದರ ಶೇಕಡ 40 ಎಂದರೆ 2,16,000. ಭಾವನಿಗೆ ಬರುವ ಬಡ್ಡಿ 1,80,000 ಸೇರಿಸಿದರೆ 3,96,000. ಒಟ್ಟು ಲಾಭದ ಶೇಕಡ 40 ಎಂದು ಲೆಕ್ಕ ಹಿಡಿದಿದ್ದರೆ 5,76,000 ಆಗುತ್ತಿತ್ತು. ಸಂಖ್ಯೆ ಒಂದೇ, ಅರ್ಥದಲ್ಲಿ 1,80,000 ರೂಪಾಯಿಯ ಅಂತರ. ಅದಕ್ಕೇ ಹಾಳೆಯಲ್ಲಿ ‘ಬಡ್ಡಿ ಮತ್ತು ಸಂಭಾವನೆ ಕಳೆದ ನಂತರದ ಲಾಭದಲ್ಲಿ ಶೇ. 40’ ಎಂದು ಪೂರ್ತಿಯಾಗಿಯೇ ಬರೆಯಬೇಕು.

ನಷ್ಟದ ಮಾತನ್ನು ಎಷ್ಟೋ ಪತ್ರಗಳು ಎತ್ತುವುದೇ ಇಲ್ಲ. ಯಾವ ಪಾಲನ್ನೂ ಬರೆಯದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 13ನೇ ಸೆಕ್ಷನ್ ಪ್ರಕಾರ ಲಾಭ ನಷ್ಟ ಎರಡೂ ಸಮಪಾಲು, ಯಾರು ಎಷ್ಟು ಬಂಡವಾಳ ಹಾಕಿದ್ದರೂ ಸರಿ. ಲಾಭದ ಪಾಲು ಮಾತ್ರ ಬರೆದಿದ್ದರೆ ನಷ್ಟವೂ ಅದೇ ಪ್ರಮಾಣದಲ್ಲಿ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಇಂಥ ಕಡೆ ‘ನಷ್ಟ: ಪತ್ರದಲ್ಲಿ ಹೇಳಿಲ್ಲ’ ಎಂದು ಬರೆದು, ಕಾನೂನಿನ ನಿಯಮವನ್ನು ಬೇರೆ ಸಾಲಿನಲ್ಲಿ ಕೊಡಿ. ಪತ್ರದ ಮಾತು ಯಾವುದು, ಕಾನೂನಿನ ಮಾತು ಯಾವುದು ಎಂಬುದು ಬೆರೆಯಬಾರದು. ಬಡ್ಡಿ, ಸಂಭಾವನೆಗಳಿಗೂ ಇದೇ ರೀತಿ: ಕರಾರಿನಲ್ಲಿ ಇಲ್ಲದಿದ್ದರೆ ಎರಡೂ ಸಿಗುವುದಿಲ್ಲ. ಇನ್ನು ಬಂಡವಾಳಕ್ಕಿಂತ ಹೆಚ್ಚಾಗಿ ಸಾಲದಂತೆ ಹಾಕಿದ ಹಣವಿದ್ದರೆ ಅದನ್ನು ಬಂಡವಾಳದ ಸಾಲಿಗೆ ಸೇರಿಸಬೇಡಿ. ಬೇರೆ ಕರಾರಿಲ್ಲದಿದ್ದರೆ ಆ ಹಣಕ್ಕೆ ಕಾಯಿದೆಯೇ ವರ್ಷಕ್ಕೆ ಶೇ. 6ರ ಬಡ್ಡಿ ಕೊಡುತ್ತದೆ.

ಕೈಗೆ ತೆಗೆದುಕೊಳ್ಳುವ ಹಣಕ್ಕೆ ಅಂಗಡಿಗಳಲ್ಲಿ ಡ್ರಾಯಿಂಗ್ಸ್ ಎನ್ನುತ್ತಾರೆ. ನಮ್ಮ ಪತ್ರದ 14ನೇ ಕಲಮು, ದುಡಿಯುವ ಪಾಲುದಾರ ತಿಂಗಳಿಗೆ 40,000ದವರೆಗೆ ತೆಗೆದುಕೊಳ್ಳಬಹುದು ಎನ್ನುತ್ತದೆ. ಏಳು ಕಲಮು ದಾಟಿ 21ನೆಯದರಲ್ಲಿ, ಎಲ್ಲರ ಲಿಖಿತ ಒಪ್ಪಿಗೆ ಇಲ್ಲದೆ ಬಂಡವಾಳವನ್ನು ಮುಟ್ಟುವಂತಿಲ್ಲ ಎಂದಿದೆ. ಬೇರೆ ಬೇರೆಯಾಗಿ ಓದಿದರೆ ಎರಡೂ ಸರಿಯೇ. ಆದರೆ ಲಾಭ 9 ಲಕ್ಷಕ್ಕೆ ಇಳಿದ ವರ್ಷವನ್ನು ನೋಡಿ. ಬಡ್ಡಿ, ಸಂಭಾವನೆ ಕಳೆದರೆ ಹಂಚಲು ಏನೂ ಉಳಿಯುವುದಿಲ್ಲ. ತಮ್ಮನಿಗೆ ಬರಬೇಕಾದದ್ದು ಸಂಭಾವನೆ 3 ಲಕ್ಷ, ಬಡ್ಡಿ 48,000, ಒಟ್ಟು 3,48,000. ತಿಂಗಳಿಗೆ 40,000ದಂತೆ ಅವನು ತೆಗೆದುಕೊಂಡದ್ದು 4,80,000. ಹೆಚ್ಚಾದ 1,32,000 ಅವನ ಬಂಡವಾಳದಿಂದಲೇ ಹೋಗಿದೆ. ಅವನು 14ನೇ ಕಲಮನ್ನು ಮೀರಿಲ್ಲ, ಆದರೂ 21ನೆಯದು ಮುರಿದಿದೆ. ಆ ಹೆಚ್ಚಿನ ಹಣವನ್ನು ಯಾವಾಗ ಹಿಂದಿರುಗಿಸಬೇಕು, ಅದಕ್ಕೆ ಬಡ್ಡಿ ಇದೆಯೇ ಎಂಬುದರ ಬಗ್ಗೆ ಪತ್ರ ಸುಮ್ಮನಿದೆ.

ಇಲ್ಲಿ ಸಾರ ಬರೆಯುವವರಿಗೆ ಒಂದು ಆಸೆ ಹುಟ್ಟುತ್ತದೆ. ನ್ಯಾಯವೆಂದು ತೋರುವ ಪರಿಹಾರವನ್ನು ತಾವೇ ಸೇರಿಸಿಬಿಡೋಣ ಎನ್ನುವುದು. ಸೇರಿಸಬಾರದು. ಮಿತಿಯ ಸಾಲಿನ ಕೆಳಗೆ ಎರಡೂ ಕಲಮುಗಳನ್ನು ಒಟ್ಟಿಗೆ ಬರೆದು, ‘ವರ್ಷದ ಕೊನೆಗೆ ಹೆಚ್ಚಾದರೆ ಏನು ಮಾಡಬೇಕೆಂದು ಪತ್ರದಲ್ಲಿ ಇಲ್ಲ’ ಎಂಬ ಪ್ರಶ್ನೆಯನ್ನು ಬಿಡಬೇಕು. ‘ಆಗಿಂದಾಗ್ಗೆ ಪರಸ್ಪರ ಒಪ್ಪಿದಂತೆ’ ಎಂಬ ಪದಗಳು ಎಲ್ಲಿ ಸಿಕ್ಕರೂ ಹಾಗೆಯೇ ಇಳಿಸಿಕೊಳ್ಳಬೇಕು. ಈಗ ರೂಢಿಯಲ್ಲಿರುವ ಮೊತ್ತವನ್ನು ಅವುಗಳ ಜಾಗದಲ್ಲಿ ಬರೆದರೆ ರೂಢಿ ಕರಾರಿನ ವೇಷ ತೊಟ್ಟಂತಾಗುತ್ತದೆ.

ಕರ್ತವ್ಯಗಳು ಒಂದು ಶೀರ್ಷಿಕೆಯ ಕೆಳಗೆ ಸಿಗುವುದಿಲ್ಲ. ಬ್ಯಾಂಕ್ ಖಾತೆಯ ಕಲಮಿನಲ್ಲಿ, ಒಂದು ಲಕ್ಷ ದಾಟಿದ ಚೆಕ್ಕಿಗೆ ಇಬ್ಬರ ಸಹಿ ಬೇಕು ಎಂದಿರುತ್ತದೆ. ಲೆಕ್ಕಪತ್ರದ ಕಲಮಿನಲ್ಲಿ, ಅಣ್ಣ ಪುಸ್ತಕ ಬರೆಸಬೇಕು ಎಂದಿರುತ್ತದೆ. ನಿವೃತ್ತಿಯ ಕಲಮಿನ ಒಳಗೆ ಮೂರು ತಿಂಗಳ ನೋಟಿಸಿನ ಷರತ್ತು ಅಡಗಿರುತ್ತದೆ. ಇಡೀ ಪತ್ರವನ್ನು ಇನ್ನೊಮ್ಮೆ ಓದಿ, ‘ಮಾಡತಕ್ಕದ್ದು’, ‘ಮಾಡಕೂಡದು’, ‘ಮಾಡಬಹುದು’ ಎಂದು ಇರುವಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗುವುದೇ ದಾರಿ. ಆಮೇಲೆ ಅವನ್ನು ಕಲಮಿನ ಪ್ರಕಾರವಲ್ಲ, ಆಳಿನ ಪ್ರಕಾರ ಜೋಡಿಸಿ: ಅಣ್ಣನದು ಇಷ್ಟು, ತಮ್ಮನದು ಇಷ್ಟು, ಭಾವನದು ಇಷ್ಟು. ಭಾವ ವ್ಯಾಪಾರ ನೋಡುವುದಿಲ್ಲವೆಂದು ಅವರ ಅಂಕಣವನ್ನು ಖಾಲಿ ಬಿಡುವುದು ತಪ್ಪು. ಬೇರೆ ಕರಾರಿಲ್ಲದಿದ್ದರೆ ಅಂಗಡಿಯ ಲೆಕ್ಕದ ಪುಸ್ತಕ ನೋಡುವ, ಪ್ರತಿ ಮಾಡಿಕೊಳ್ಳುವ ಹಕ್ಕನ್ನು ಕಾಯಿದೆಯ 12ನೇ ಸೆಕ್ಷನ್ ಪ್ರತಿಯೊಬ್ಬ ಪಾಲುದಾರನಿಗೂ ಕೊಟ್ಟಿದೆ.

ಹಾಳೆ ತಯಾರಾದ ಮೇಲೆ ಅದನ್ನು ಪರೀಕ್ಷಿಸಲು ಸುಲಭವಾದ ಬಗೆ ಒಂದಿದೆ. ಪತ್ರವನ್ನು ಪಕ್ಕಕ್ಕಿಟ್ಟು, ಬರೀ ಹಾಳೆಯನ್ನು ನೋಡಿ ಕಳೆದ ವರ್ಷದ ಲಾಭವನ್ನು ಹಂಚಿ. ಬಂದ ಮೊತ್ತ ಆಡಿಟರ್ ಮಾಡಿಕೊಟ್ಟ ಪಾಲುದಾರರ ಖಾತೆಗೆ ತಾಳೆಯಾಗಬೇಕು. ಆಗದಿದ್ದರೆ ಹಾಳೆ ತಪ್ಪಿರಬಹುದು, ಇಲ್ಲವೇ ಇಷ್ಟು ದಿನ ಹಂಚಿದ್ದೇ ಪತ್ರಕ್ಕೆ ವಿರುದ್ಧವಾಗಿರಬಹುದು. ಎರಡನೆಯದಾದರೆ ಹಾಳೆಯನ್ನು ರೂಢಿಗೆ ಹೊಂದಿಸಲು ಹೋಗದೆ ಮೂವರೂ ಆಡಿಟರ್ ಬಳಿ ಕೂರಬೇಕು. ಕೊನೆಯಲ್ಲಿ ‘ಇದು ಸಾರ ಮಾತ್ರ, ವ್ಯತ್ಯಾಸ ಕಂಡರೆ ಪತ್ರದ್ದೇ ಅಂತಿಮ’ ಎಂದು ಬರೆದು, ಕೆಳಗೆ ಉಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿ. ಮುಂದಿನ ತಿದ್ದುಪಡಿ ಪತ್ರ ಬರೆಸುವ ದಿನ ವಕೀಲರ ಮುಂದೆ ಇಡಬೇಕಾದದ್ದು ಆ ಪಟ್ಟಿಯೇ.