ನಿಮಗಿದು ಗೊತ್ತೆ? ಹಗುರ ಓಟಕ್ಕೂ ಒಂದು ಲೆಕ್ಕವಿದೆ

ಗರಿಷ್ಠ ಹೃದಯ ಬಡಿತವನ್ನು ಆಧರಿಸಿ ಓಟದ ಶ್ರಮವನ್ನು ಐದು ವಲಯಗಳಾಗಿ ವಿಂಗಡಿಸುತ್ತಾರೆ. ಹಗುರ ಓಟಕ್ಕೆ ಬೇಕಾದದ್ದು ಎರಡನೆಯದು, ಸಾಮಾನ್ಯವಾಗಿ ಶೇ 60ರಿಂದ 70. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 40 ವರ್ಷದವರಿಗೆ ಅದು 180. ಹಗುರ ಓಟದ ಮಿತಿ ನಿಮಿಷಕ್ಕೆ 108ರಿಂದ 126. ಹೊಸಬರು ಜಾಗಿಂಗ್ ಶುರುಮಾಡಿದ ಸ್ವಲ್ಪ ಹೊತ್ತಿಗೇ ಇದನ್ನು ದಾಟಿಬಿಡುವುದುಂಟು. ಆಗ ನಡೆಯಿರಿ, ಬಡಿತ 110ರ ಆಸುಪಾಸಿಗೆ ಇಳಿದ ಮೇಲೆ ಮತ್ತೆ ಓಡಿ. ಸೂತ್ರವೇನೋ ಬರೀ ಅಂದಾಜು, ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಬಡಿತ ಹೆಚ್ಚುಕಮ್ಮಿ ಆದೀತು. ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡಲಾಗುತ್ತಿದ್ದರೆ ವಾಚಿಗಿಂತ ಉಸಿರನ್ನೇ ನಂಬಿ. ಆರಾಮಾಗಿ ಓಡುತ್ತಿರುವಾಗ ವಾಚು ಏಕಾಏಕಿ 165 ತೋರಿಸಿದರೆ ಅದು ನಿಮ್ಮ ಹೆಜ್ಜೆಗಳನ್ನೇ ಬಡಿತವೆಂದು ಎಣಿಸುತ್ತಿರಬಹುದು. ಪಟ್ಟಿ ಬಿಗಿಮಾಡಿ, ಮಣಿಕಟ್ಟಿನಿಂದ ತುಸು ಮೇಲಕ್ಕೆ ಸರಿಸಿ.